ಥೀಸಿಸ್ ಬರೆಯುವಾಗಿನ ನನ್ನ ಪದಲೆಕ್ಕ ಮತ್ತು ವಾರದ ಮೀಟಿಂಗ್ ತಯಾರಿ

ರಿಮೈಂಡರ್ ಇಟ್ಟುಕೊಳ್ಳುವುದು ಸುಲಭ. ಆದರೆ "ನಾಳೆ ಗೈಡ್ ಮೀಟಿಂಗ್" ಅಂತ ಫೋನ್ ನೆನಪಿಸಿದರೆ ಗಾಬರಿ ಆಗುತ್ತದೆ ಅಷ್ಟೇ, ಆ ಹೊತ್ತಿನಲ್ಲಿ ಕೂತು ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ಅದಕ್ಕೆ ನನ್ನ ಪ್ರತಿ ರಿಮೈಂಡರ್ ಒಂದು ಕೆಲಸದ ಹೆಸರು.

ಮೊದಲು ದಿನದ ಲೆಕ್ಕ. ನನ್ನ ಗುರಿ 300 ಪದ. ಕಡಿಮೆ ಅನ್ನಿಸಬಹುದು, ಆದರೆ ಓದು, ಡೇಟಾ ಕೆಲಸ ಎಲ್ಲ ಇರುವ ದಿನವೂ ಮುಟ್ಟಬಹುದಾದ ಸಂಖ್ಯೆ ಅದು. ತೊಂದರೆ ಬರುವುದು ತಿದ್ದುವ ದಿನ. ಬೆಳಗ್ಗೆಯಿಂದ ಒಂದು ಅಧ್ಯಾಯವನ್ನು ಸರಿಮಾಡಿರುತ್ತೇವೆ, ಸಂಜೆ ನೋಡಿದರೆ ಒಟ್ಟು ಪದ ಇಳಿದಿರುತ್ತದೆ. ಹೀಗೆ ಎರಡು ಮೂರು ದಿನ ಆದರೆ ಲೆಕ್ಕ ಇಡುವುದೇ ಬೇಡ ಅನ್ನಿಸುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ತೆಗೆಯಲೇಬೇಕಾದ ಪ್ಯಾರಾವನ್ನು ಸಂಖ್ಯೆ ಇಳಿಯುತ್ತದೆ ಅಂತ ಉಳಿಸಿಕೊಳ್ಳಲು ಮನಸ್ಸಾಗುತ್ತದೆ.

ಅದಕ್ಕೆ ತೆಗೆದ ಯಾವ ಪ್ಯಾರಾವನ್ನೂ ನಾನು ಅಳಿಸುವುದಿಲ್ಲ, `cuts.tex` ಅನ್ನುವ ಬೇರೆ ಫೈಲಿಗೆ ಹಾಕುತ್ತೇನೆ. ರಾತ್ರಿ 9:30ಕ್ಕೆ "ಎರಡೂ ಫೈಲ್ ಎಣಿಸು, ಒಂದು ಸಾಲು ಬರೆ" ಅಂತ ರಿಮೈಂಡರ್ ಬರುತ್ತದೆ. ನಾನು ಬರೆಯುವುದು LaTeXನಲ್ಲಿ, ಹಾಗಾಗಿ ಆಗ ಟರ್ಮಿನಲ್‌ನಲ್ಲಿ `texcount` ಅನ್ನುವ ಪದ ಎಣಿಸುವ ಪ್ರೋಗ್ರಾಂನಿಂದ ಹೀಗೆ ಎಣಿಸುತ್ತೇನೆ:

```
texcount -1 -sum -merge main.tex
texcount -1 -sum cuts.tex
```

`-merge` ಹಾಕಿದರೆ ಅಧ್ಯಾಯಗಳು ಬೇರೆ ಬೇರೆ ಫೈಲಿನಲ್ಲಿದ್ದರೂ ಒಟ್ಟಿಗೆ ಸೇರಿ ಲೆಕ್ಕ ಬರುತ್ತದೆ. ವರ್ಡ್‌ನಲ್ಲಿ ಬರೆಯುವವರು ಇದೇ ರೀತಿ ಎರಡು ಡಾಕ್ಯುಮೆಂಟ್ ಇಟ್ಟುಕೊಂಡು ವರ್ಡ್ ವಿಂಡೋದ ಕೆಳಗಿನ ಪಟ್ಟಿಯಲ್ಲಿ ತೋರಿಸುವ ಪದಗಳ ಸಂಖ್ಯೆ ಬರೆದುಕೊಂಡರೆ ಸಾಕು.

ಒಂದು ದಿನದ ಲೆಕ್ಕ ನೋಡಿ. ಸೋಮವಾರ ಮುಖ್ಯ ಫೈಲ್ 18,240, ತೆಗೆದದ್ದು 1,150. ಮಂಗಳವಾರ ಮುಖ್ಯ ಫೈಲ್ 17,910, ತೆಗೆದದ್ದು 1,840. ಥೀಸಿಸ್ 330 ಪದ ಇಳಿದಿದೆ, ಆದರೆ ಪಕ್ಕದ ಫೈಲ್ 690 ಏರಿದೆ. ಅಂದರೆ ಆ ದಿನ ಹೊಸದಾಗಿ ಬರೆದದ್ದು 360 ಪದ, ಗುರಿ ಮುಟ್ಟಿದೆ. ಒಂದು ಎಚ್ಚರ ಬೇಕು: ಬೇರೆ ಕಡೆಯಿಂದ ಉದ್ದದ ಉಲ್ಲೇಖವನ್ನೋ ಹಳೆಯ ಪೇಪರಿನ ಪ್ಯಾರಾವನ್ನೋ ಅಂಟಿಸಿದರೆ ಸಂಖ್ಯೆ ಸುಮ್ನೆ ಜಾಸ್ತಿ ಆಗುತ್ತದೆ. ಆ ದಿನದ ಸಾಲಿನ ಮುಂದೆ "ಅಂಟಿಸಿದ್ದು" ಅಂತ ಬರೆದಿಡುತ್ತೇನೆ.

ಆ ಸಾಲಿನಲ್ಲಿ ಸಂಖ್ಯೆಯ ಜೊತೆ ಇನ್ನೊಂದು ವಿಷಯವೂ ಇರುತ್ತದೆ: ಎಲ್ಲಿ ನಿಂತೆ ಅನ್ನುವುದು. "3.2, ಸ್ಯಾಂಪಲ್ ಯಾಕೆ ಹೀಗೆ ಆರಿಸಿದ್ದು ಅನ್ನುವ ಕಾರಣ ಗಟ್ಟಿಯಾಗಿಲ್ಲ" ಅಂತ. ಮೀಟಿಂಗ್ ತಯಾರಿಗೆ ನನಗೆ ಬೇಕಾದ ಸರಕು ಇದೇ.

ನನ್ನ ಮೀಟಿಂಗ್ ಗುರುವಾರ ಬೆಳಗ್ಗೆ. ಸೋಮವಾರ ಸಂಜೆಯ ರಿಮೈಂಡರ್ "ಯಾವ ಪುಟ ಕಳಿಸುವುದು, ಆರಿಸು" ಅನ್ನುತ್ತದೆ. ಮಂಗಳವಾರ ಮಧ್ಯಾಹ್ನದ್ದು "ಕಳಿಸು". ಗೈಡ್‌ಗೆ ಓದಲು ಒಂದು ಪೂರ್ತಿ ದಿನ ಸಿಗಲೇಬೇಕು, ಇಲ್ಲದಿದ್ದರೆ ಮೀಟಿಂಗಿನ ಅರ್ಧ ಹೊತ್ತು ಅವರು ಓದುವುದರಲ್ಲೇ ಹೋಗುತ್ತದೆ ಅಲ್ವಾ. ಇಡೀ ಅಧ್ಯಾಯ ಕಳಿಸುವ ಬದಲು ಆರೇಳು ಪುಟ ಕಳಿಸಿ, ಮೇಲ್‌ನಲ್ಲಿ "ಮೇಡಂ, 3.2 ಮಾತ್ರ ನೋಡಿದರೆ ಸಾಕು, ಭಾಷೆ ಇನ್ನೂ ತಿದ್ದಿಲ್ಲ" ಅಂತ ಬರೆದ ಮೇಲೆ ನನಗೆ ಬರುವ ಟಿಪ್ಪಣಿಗಳೇ ಬದಲಾದವು. ಅಲ್ಪವಿರಾಮದ ತಿದ್ದುಪಡಿ ಕಡಿಮೆಯಾಯಿತು, ವಾದದ ಬಗ್ಗೆ ಮಾತು ಬಂತು.

ಬುಧವಾರ ಸಂಜೆ ವಾರದ ಸಾಲುಗಳನ್ನೆಲ್ಲ ಓದುತ್ತೇನೆ. ಒಂದೇ ಜಾಗದ ಹೆಸರು ಮತ್ತೆ ಮತ್ತೆ ಬಂದಿದ್ದರೆ ಅದೇ ಮೊದಲ ಪ್ರಶ್ನೆ. "3.2 ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ, ಮುಂದುವರಿಸಿ" ಅನ್ನುವ ಉತ್ತರ ಬರುತ್ತದೆ. "ಈ ಸ್ಯಾಂಪಲ್‌ಗೆ ನನ್ನ ಹತ್ತಿರ ಎರಡು ಕಾರಣ ಇವೆ, ಮೊದಲನೆಯದನ್ನೇ ಮುಂದಿಟ್ಟು ಎರಡನೆಯದನ್ನು ಮಿತಿಗಳ ಭಾಗಕ್ಕೆ ಒಯ್ಯಲೇ?" ಅಂತ ಕೇಳಿದರೆ ನಿರ್ಧಾರವೇ ಸಿಗುತ್ತದೆ. ಇಂಥ ಪ್ರಶ್ನೆ ಎರಡಿದ್ದರೆ ಸಾಕು, ಮೂರನೆಯದಕ್ಕೆ ಸಮಯ ಇರುವುದೇ ಅಪರೂಪ.

ಕೊನೆಯ ರಿಮೈಂಡರ್ ಮೀಟಿಂಗ್ ಮುಗಿದ ಅರ್ಧ ಗಂಟೆಗೆ: "ಒಪ್ಪಿದ್ದನ್ನು ಮೇಲ್ ಮಾಡು." ಏನು ಒಪ್ಪಿಕೊಂಡೆವು, ಮುಂದಿನ ವಾರ ಯಾವ ಭಾಗ, ಅವರು ಓದಲು ಹೇಳಿದ್ದೇನು, ಇಷ್ಟೇ ಬರೆಯುತ್ತೇನೆ. ಮುಂದೊಂದು ದಿನ "ಇದನ್ನು ಯಾಕೆ ತೆಗೆದಿರಿ?" ಅಂತ ಅವರೇ ಕೇಳಿದರೆ ಆ ಮೇಲ್ ತೆರೆಯಬಹುದು. ತೆಗೆದ ಪ್ಯಾರಾ ವಾಪಸ್ ಬೇಕು ಅಂದರೆ ಅದೂ `cuts.tex`ನಲ್ಲಿ ಹಾಗೇ ಇರುತ್ತದೆ.