ಹೃದಯಕ್ಕೆ ಏನೂ ಆಗಿಲ್ಲ, ಕೊಲೆಸ್ಟ್ರಾಲ್ ನಾರ್ಮಲ್. ಆದರೂ ಸ್ಟ್ಯಾಟಿನ್ ಯಾಕೆ ಬರೆದೆ

ಶಿಡ್ಲಘಟ್ಟದ ಕಡೆಯಿಂದ ನನ್ನ ಕ್ಲಿನಿಕ್ಕಿಗೆ ಕಾಲುನೋವು ಅಂತ ಬರುವವರಲ್ಲಿ ಬಹುಪಾಲು ಜನರದ್ದು ಮಂಡಿ ಸವೆತ ಅಥವಾ ಸೊಂಟದಿಂದ ಇಳಿಯುವ ನೋವು. ಅವರ ನಡುವೆಯೇ ಕಾಲಿನ ರಕ್ತನಾಳ ಕಟ್ಟಿಕೊಂಡವರೂ ಇರುತ್ತಾರೆ. ಬೇರೆ ಕಡೆ ನೋವಿನ ಮಾತ್ರೆ, ವಿಟಮಿನ್ ಇಂಜೆಕ್ಷನ್ ಎಲ್ಲ ಆಗಿ, ಕೊನೆಗೆ ನಮ್ಮ ಹತ್ತಿರ ಬಂದಿರುತ್ತಾರೆ. ಇವರನ್ನು ಗುರುತಿಸುವುದು ಕಷ್ಟವಲ್ಲ. ಚಪ್ಪಲಿ ಬಿಚ್ಚಿಸಿ ಪಾದದ ನಾಡಿ ಮುಟ್ಟಿ ನೋಡಬೇಕು, ಅಷ್ಟೆ. ಕಷ್ಟ ಶುರುವಾಗುವುದು ಆಮೇಲೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಾಗ.

ಒಬ್ಬರ ವಿಷಯ ಹೇಳುತ್ತೇನೆ. ಐವತ್ತೆಂಟು ವರ್ಷದ ರೇಷ್ಮೆ ರೀಲರ್. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಚಿಕ್ಕ ವಯಸ್ಸಿನಿಂದ ಬೀಡಿ. ಗೂಡಿನ ಮಾರುಕಟ್ಟೆಯಲ್ಲಿ ಒಂದು ಸಾಲು ದಾಟುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. "ಸಾರ್, ಸುಮ್ನೆ ಎರಡು ನಿಮಿಷ ನಿಂತ್ರೆ ಹೋಗ್ಬಿಡುತ್ತೆ. ಮತ್ತೆ ಅಷ್ಟೇ ದೂರ ಹೋದ್ರೆ ಮತ್ತೆ ಹಿಡ್ಕೊಳ್ಳುತ್ತೆ" ಅಂದರು. ಈ ಮಾತಿನಲ್ಲೇ ಅರ್ಧ ರೋಗನಿರ್ಣಯ ಇದೆ. ಸೊಂಟದ ಬೆನ್ನುಮೂಳೆಯಲ್ಲಿ ನರಗಳು ಹಾದುಹೋಗುವ ಕಾಲುವೆ ಕಿರಿದಾಗಿ ಬರುವ ನೋವು ನಿಂತ ಮಾತ್ರಕ್ಕೆ ಹೋಗುವುದಿಲ್ಲ. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಕಡಿಮೆಯಾಗುತ್ತದೆ. ರಕ್ತ ಸಾಲದೆ ಬರುವ ನೋವು ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬಂದು, ನಿಂತ ಜಾಗದಲ್ಲೇ ಇಳಿಯುತ್ತದೆ.

ಹತ್ತು ನಿಮಿಷ ಅಂಗಾತ ಮಲಗಿಸಿದೆ. ಎರಡೂ ತೋಳಿನಲ್ಲಿ ಬಿಪಿ ನೋಡಿದೆ, ಹೆಚ್ಚಿನದು 146. ಆಮೇಲೆ ಅದೇ ಪಟ್ಟಿಯನ್ನು ಕಾಲಿನ ಗಿಣ್ಣಿನ ಮೇಲೆ ಸುತ್ತಿ, ಜೆಲ್ ಹಚ್ಚಿ, ಪೆನ್ನಿನಂಥ ಡಾಪ್ಲರ್ ಅನ್ನು ಪಾದದ ಮೇಲೆ ಓರೆಯಾಗಿ ಇಟ್ಟೆ. ಆರೋಗ್ಯವಂತ ನಾಡಿಯ ಸದ್ದು ಚುರುಕಾಗಿ, ಕತ್ತರಿಸಿದಂತೆ ಕೇಳುತ್ತದೆ. ಇವರದು ಮಂದವಾಗಿ, ಎಳೆದಂತೆ ಬರುತ್ತಿತ್ತು. ಪಟ್ಟಿಗೆ ಗಾಳಿ ಹಾಕಿ ಸದ್ದು ನಿಲ್ಲಿಸಿ ನಿಧಾನವಾಗಿ ಬಿಟ್ಟರೆ, ಸದ್ದು ಮರಳುವ ಅಂಕಿಯೇ ಆ ಜಾಗದ ಒತ್ತಡ. ಒಳಗಿಣ್ಣಿನ ಹಿಂದೆಯೂ ಹೀಗೇ ನೋಡಿ, ಎರಡರಲ್ಲಿ ಹೆಚ್ಚಿನದನ್ನು ತೆಗೆದುಕೊಳ್ಳಬೇಕು. ಬಲಗಾಲಿನಲ್ಲಿ 88, ಎಡಗಾಲಿನಲ್ಲಿ 128. ತೋಳಿನ 146ರಿಂದ ಭಾಗಿಸಿದರೆ ಬಲಕ್ಕೆ 0.60, ಎಡಕ್ಕೆ 0.88. ಇದು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ರಕ್ತನಾಳ ಕಟ್ಟಿದೆ ಎಂದು ಅರ್ಥ. ನೋವೇ ಇಲ್ಲದ ಎಡಗಾಲೂ ಆ ಲೆಕ್ಕಕ್ಕೆ ಸೇರಿತ್ತು. ಒಂದು ಎಚ್ಚರಿಕೆ: ಬಹಳ ಕಾಲದ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆಗೆ ಸುಣ್ಣ ಸೇರಿ ಗಟ್ಟಿಯಾಗುತ್ತದೆ, ಪಟ್ಟಿ ಅದನ್ನು ಅಮುಕಲಾರದು. ಆಗ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. 1.4 ದಾಟಿದ್ದನ್ನು ಚೆನ್ನಾಗಿದೆ ಎಂದು ಓದಬಾರದು. ಹೆಬ್ಬೆರಳಿನ ಒತ್ತಡ ಅಳೆಯಿಸಬೇಕು.

ಬೀಡಿ ಬಿಡಲೇಬೇಕು ಅಂದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ 75, ಸ್ಟ್ಯಾಟಿನ್ ಆಗಿ ಅಟೋರ್ವಾಸ್ಟ್ಯಾಟಿನ್ 40 ಬರೆದೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮಾಡಲು ಹೇಳಿದೆ. ಮುಂದಿನ ಸಲ ಬಂದಾಗ ಸ್ಟ್ಯಾಟಿನ್ ನಿಂತುಹೋಗಿತ್ತು. ಅವರ ಭಾವಮೈದುನ ಚೀಟಿ ನೋಡಿ, "ಭಾವ, ಇದು ಹಾರ್ಟ್ ಮಾತ್ರೆ, ನಿಮ್ಗೆ ಯಾಕೆ?" ಅಂದಿದ್ದರಂತೆ. ಎಕೋ ಚೆನ್ನಾಗಿತ್ತು. ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 104, ಲ್ಯಾಬಿನವರ ಕಾಗದದಲ್ಲಿ ಅದಕ್ಕೆ ಯಾವ ಗುರುತೂ ಇರಲಿಲ್ಲ. ಭಾವಮೈದುನನ ಮಾತು ಅವರಿಗೆ ಸರಿ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅವರಿಗೆ ನಾನು ಹೇಳಿದ್ದು ಇದು. ಸ್ಟ್ಯಾಟಿನ್ ನಿಮ್ಮ ನಾಳದ ಅಡಚಣೆಯನ್ನು ಕರಗಿಸಿ ದಾರಿ ಬಿಡಿಸುವ ಮಾತ್ರೆ ಅಲ್ಲ. ಗೋಡೆಯೊಳಗೆ ಕೊಬ್ಬು ಸೇರಿದ ಜಾಗ ತೆಳು ಚರ್ಮದ ಕುರುವಿನ ಹಾಗೆ ಇರುತ್ತದೆ. ಅದು ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ, ಅರ್ಧ ತೆರೆದಿದ್ದ ನಾಳ ಗಂಟೆಗಳಲ್ಲೇ ಪೂರ್ತಿ ಮುಚ್ಚಬಹುದು. ಸ್ಟ್ಯಾಟಿನ್ ಒಳಗಿನ ಕೊಬ್ಬನ್ನೂ ಉರಿಯೂತವನ್ನೂ ಕಡಿಮೆ ಮಾಡಿ ಮೇಲಿನ ಪದರವನ್ನು ದಪ್ಪ ಮಾಡುತ್ತದೆ. ಕಾಲಿನ ನಾಳ ಹೀಗಾಗಿದ್ದರೆ ಹೃದಯದ್ದು, ಮಿದುಳಿಗೆ ಹೋಗುವುದು ಕೂಡ ಅದೇ ಹಾದಿಯಲ್ಲಿರುವ ಸಂಭವ ಹೆಚ್ಚು. ಎಕೋ ತೋರಿಸುವುದು ಹೃದಯದ ಸ್ನಾಯು ಮತ್ತು ಕವಾಟ. ಅದರ ರಕ್ತನಾಳದೊಳಗಿನ ಕೊಬ್ಬನ್ನಲ್ಲ.

ನಾರ್ಮಲ್ ಅನ್ನುವ ಅಂಕಿಯ ವಿಷಯಕ್ಕೆ ಬಂದರೆ, 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯನ್ನು ನಾನು ನೆಚ್ಚುತ್ತೇನೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ 6,748 ಮಂದಿಗೆ ಕಾಲಿನ ರಕ್ತನಾಳದ ಕಾಯಿಲೆ ಇತ್ತು. ಸಿಮ್ವಾಸ್ಟ್ಯಾಟಿನ್ 40 ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ನಾಳದ ಆಪರೇಷನ್ ಇವೆಲ್ಲ ಸೇರಿ ಸುಮಾರು ಐದರಲ್ಲಿ ಒಂದರಷ್ಟು ಕಡಿಮೆಯಾದವು, ಆರಂಭದ ಕೊಲೆಸ್ಟ್ರಾಲ್ ಎಷ್ಟೇ ಇರಲಿ. ಕಾಲಿನ ಬಗ್ಗೆಯೇ ಕೇಳುವುದಾದರೆ, 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ನೋಡಿದಾಗ, ಹೆಚ್ಚಿನ ಪ್ರಮಾಣದ ಸ್ಟ್ಯಾಟಿನ್ ಪಡೆದವರಲ್ಲಿ ಕಾಲು ಕತ್ತರಿಸಬೇಕಾದ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಇದು ದಾಖಲೆಗಳ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ; ಹಾಗಾಗಿ ಮೊದಲನೆಯದರಷ್ಟು ತೂಕ ಇದಕ್ಕೆ ಕೊಡುವುದಿಲ್ಲ. ಆದರೂ ಎರಡೂ ಒಂದೇ ದಿಕ್ಕನ್ನು ತೋರಿಸುತ್ತವೆ.

ಅವರು ಮಾತ್ರೆ ಮತ್ತೆ ಶುರು ಮಾಡಿದರು. ಎರಡನೇ ತೊಡಕು ಕೆಲವು ವಾರಗಳ ನಂತರ ಬಂತು: "ಮಾತ್ರೆಯಿಂದಾನೇ ಕಾಲು ನೋಯ್ತಿದೆ ಸಾರ್." ಈ ಕಾಯಿಲೆಯಲ್ಲಿ ಸ್ಟ್ಯಾಟಿನ್ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ, ಯಾಕೆಂದರೆ ಕಾಯಿಲೆಯ ನೋವೂ ಮಾತ್ರೆಯ ನೋವೂ ಸ್ನಾಯುವಿನಲ್ಲೇ ಬರುತ್ತವೆ. ಮಾತ್ರೆಯ ನೋವು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ, ತೊಡೆ, ಸೊಂಟ, ಭುಜದಂಥ ದೊಡ್ಡ ಸ್ನಾಯುಗಳಲ್ಲಿ ಇರುತ್ತದೆ; ಕೂತಿದ್ದರೂ ಇರುತ್ತದೆ. ಇವರಿಗೆ ನೋಯುತ್ತಿದ್ದದ್ದು ಬಲ ಮೀನಖಂಡ ಮಾತ್ರ, ನಡೆದಾಗ ಮಾತ್ರ. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಪಿಕೆ ರಕ್ತಪರೀಕ್ಷೆ ಮಾಡಿಸಿದೆ, ಸರಿಯಾಗಿಯೇ ಇತ್ತು. ಮಾತ್ರೆ ಮುಂದುವರಿಸಿದೆವು. ನಿಜವಾಗಿಯೂ ಮಾತ್ರೆಯ ನೋವು ಅನಿಸಿದರೆ ನಾನು ಎರಡರಿಂದ ನಾಲ್ಕು ವಾರ ನಿಲ್ಲಿಸಿ, ನೋವು ಹೋದ ಮೇಲೆ ಕಡಿಮೆ ಪ್ರಮಾಣದಲ್ಲಿ ಅಥವಾ ರೋಸುವಾಸ್ಟ್ಯಾಟಿನ್‌ನಲ್ಲಿ ಮತ್ತೆ ಶುರು ಮಾಡುತ್ತೇನೆ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ಕೂತಲ್ಲಿಂದ ಏಳಲು ಶಕ್ತಿ ಇಲ್ಲದಂತಾದರೆ ಮಾತ್ರ ಅಂದೇ ನಿಲ್ಲಿಸಿ ಬರಬೇಕು. ಸಕ್ಕರೆ ಸ್ವಲ್ಪ ಏರಬಹುದು ಅನ್ನುವುದೂ ನಿಜ. ಅದನ್ನು ಸಕ್ಕರೆ ಮಾತ್ರೆಯಲ್ಲಿ ಸರಿಪಡಿಸಿಕೊಳ್ಳಬಹುದು.

ಮೂರು ತಿಂಗಳಿಗೆ ಎಲ್‌ಡಿಎಲ್ 61ಕ್ಕೆ ಇಳಿಯಿತು. ಇಂಥವರಲ್ಲಿ ನಾನು 55ಕ್ಕಿಂತ ಕೆಳಗೆ ಇಡಲು ನೋಡುತ್ತೇನೆ, ಆದ್ದರಿಂದ ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಬಗೆಯ ಮಾತ್ರೆ ಎಜೆಟಿಮೈಬ್ 10 ಸೇರಿಸಿದೆ, 48ಕ್ಕೆ ಬಂತು. ಈಗ ಅವರು ಮಾರುಕಟ್ಟೆಯ ಎಲ್ಲ ಸಾಲುಗಳನ್ನೂ ನಡುವೆ ಒಮ್ಮೆ ನಿಂತು ಸುತ್ತುತ್ತಾರೆ. ಅದಕ್ಕೆ ಹೆಚ್ಚಿನ ಕಾರಣ ನಡಿಗೆಯ ಅಭ್ಯಾಸ ಮತ್ತು ಬೀಡಿ ಬಿಟ್ಟದ್ದು. ಬಲಗಾಲಿನ ಅಂಕಿ ಈಗಲೂ 0.62, ಹೆಚ್ಚುಕಡಿಮೆ ಅಲ್ಲೇ ಇದೆ. "ಹಂಗಾದ್ರೆ ಮಾತ್ರೆ ಏನು ಮಾಡ್ತು ಸಾರ್?" ಅಂತ ಕೇಳಿದರು. ಅಂಕಿ ಕೆಳಗೆ ಬಿದ್ದಿಲ್ಲ, ಪಾದದಲ್ಲಿ ಹುಣ್ಣಾಗಿಲ್ಲ, ಎದೆನೋವು ಬಂದಿಲ್ಲ ಅಂದೆ.

ಅವರ ಚೀಟಿಯ ಹಿಂದೆ ಎರಡು ವಿಷಯ ಬರೆದುಕೊಟ್ಟಿದ್ದೇನೆ. ರಾತ್ರಿ ಮಲಗಿದಾಗಲೂ ಪಾದ ನೋಯತೊಡಗಿದರೆ ಅಥವಾ ಗಾಯ ಎರಡು ವಾರದಲ್ಲಿ ಮಾಯದಿದ್ದರೆ ಬೆಂಗಳೂರಿಗೆ ರಕ್ತನಾಳದ ಸರ್ಜನ್ ಹತ್ತಿರ ಹೋಗಬೇಕು, ಅಲ್ಲಿ ಮಾತ್ರೆ ಒಂದರಿಂದಲೇ ಆಗುವುದಿಲ್ಲ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಬೆಳಗಾಗುವವರೆಗೂ ಕಾಯದೆ ಆಗಲೇ ಗಾಡಿ ಹತ್ತಬೇಕು. ಕಾಲು ಉಳಿಸಿಕೊಳ್ಳಲು ಇರುವ ಸಮಯ ಸುಮಾರು ಆರು ಗಂಟೆ.