ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ ಇತ್ತು, ಕೀ ಇರಲಿಲ್ಲ

ಚಿಕ್ಕಮಗಳೂರಿನ ಐ.ಜಿ. ರಸ್ತೆ ಕಡೆ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮಳೆಗಾಲ ಶುರುವಾದರೆ ನೀರಿಗೆ ಬಿದ್ದ ಮೊಬೈಲುಗಳೂ ಬರುತ್ತವೆ. ಕಳೆದ ಜೂನಿನಲ್ಲಿ ಮೂಡಿಗೆರೆ ಕಡೆಯ ಗೌಡರೊಬ್ಬರು ಮಗನ ಜೊತೆ ಬಂದರು. ಅವರ ಫೋನು ಪಂಪ್‌ಹೌಸಿನ ತೊಟ್ಟಿಗೆ ಬಿದ್ದು ಮೂರು ದಿನವಾಗಿತ್ತು. ಬಿಚ್ಚಿ ನೋಡಿದೆ, ಬೋರ್ಡೇ ಸತ್ತಿತ್ತು. ಗೌಡರಿಗೆ ಫೋನಿನ ಚಿಂತೆ ಇರಲಿಲ್ಲ. ಅರೇಬಿಕಾ ಕೊಯ್ಲಿನಲ್ಲಿ ಮೇಸ್ತ್ರಿ ದಿನಾ ಸಂಜೆ ಎಷ್ಟು ಕೆಜಿ ಹಣ್ಣು ಕೊಯ್ದರು, ಎಷ್ಟು ಮುಂಗಡ ತಗೊಂಡರು ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸುತ್ತಿದ್ದನಂತೆ. ಮೂರು ತಿಂಗಳ ಲೆಕ್ಕ ಅದೊಂದರಲ್ಲೇ ಇತ್ತು. ಈಗ ಮುಂಗಡದ ವಿಚಾರಕ್ಕೆ ಇಬ್ಬರಿಗೂ ಮಾತು ಬೆಳೆದಿತ್ತು.

ಮಗ ಲ್ಯಾಪ್‌ಟಾಪ್ ತೆರೆದು, "ಅಣ್ಣ, ಮೇ ತಿಂಗಳಲ್ಲಿ ಫೋನಲ್ಲಿ ಜಾಗ ಖಾಲಿ ಮಾಡೋವಾಗ ವಾಟ್ಸಾಪ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟಿದ್ದೆ. ಫೈಲ್ ಇದೆ, ಓಪನ್ ಮಾತ್ರ ಆಗ್ತಿಲ್ಲ" ಅಂದ. ಗೌಡರು ನಡುವೆ ಬಾಯಿ ಹಾಕಿ, "ಫೈಲ್ ಇದೆ ಅಂದ್ಮೇಲೆ ಓಪನ್ ಮಾಡೋಕೇನ್ರಿ ಕಷ್ಟ, ನಿಮ್ಮತ್ರ ಸಾಫ್ಟ್‌ವೇರ್ ಇರತ್ತಲ್ಲ" ಅಂದರು.

ಫೋಲ್ಡರಿನಲ್ಲಿದ್ದದ್ದು `msgstore.db.crypt14`. ಜೊತೆಗೆ ಅದೇ ಹೆಸರಿನ ನಡುವೆ ತಾರೀಖು ಸೇರಿಕೊಂಡ ಇನ್ನಷ್ಟು ಫೈಲು. ವಾಟ್ಸಾಪ್ ಆಂಡ್ರಾಯ್ಡ್ ಫೋನಿನಲ್ಲಿ ದಿನಾ ಬೆಳಗಿನ ಜಾವ 2 ಗಂಟೆಗೆ ಇಂಥದ್ದೊಂದು ಪ್ರತಿ ಮಾಡಿ, ಕೊನೆಯ ಏಳು ದಿನದ್ದನ್ನು ಇಟ್ಟುಕೊಳ್ಳುತ್ತದೆ. ಮಗ ಆಗಲೇ ಮಾಡಬಾರದ್ದೆಲ್ಲ ಮಾಡಿ ನೋಡಿದ್ದ. ಕೊನೆಯ `.crypt14` ಅಳಿಸಿ ಬರೀ `.db` ಮಾಡಿದ್ದ. ಡಿಬಿ ಬ್ರೌಸರ್ ಎಂಬ ತಂತ್ರಾಂಶ ಇದು ಡೇಟಾಬೇಸೇ ಅಲ್ಲ ಎಂದಿತ್ತು. ಸಿಟ್ಟಿಗೆ ನೋಟ್‌ಪ್ಯಾಡಿಗೂ ಹಾಕಿದ್ದ, ಪರದೆ ತುಂಬಾ ಕಸ. ಅಷ್ಟಾದರೂ ಮೂಲ ಫೈಲನ್ನು ಬೇರೆ ಕಡೆ ಹಾಗೇ ಉಳಿಸಿಕೊಂಡಿದ್ದ, ಅದೊಂದು ಪುಣ್ಯ.

ಹೆಸರಿನ ಬಾಲ ನೋಡಿ "ಇದಕ್ಕೊಂದು ಸಾಫ್ಟ್‌ವೇರ್ ಬೇಕು" ಎಂದುಕೊಳ್ಳುವುದು ಸಹಜ. ವರ್ಡ್ ಫೈಲಿಗೆ ವರ್ಡ್ ಇದ್ದ ಹಾಗೆ. ಇಲ್ಲಿ ತೊಂದರೆ ಬೇರೆ. ವಾಟ್ಸಾಪ್ ಮೊದಲು ಸಂದೇಶಗಳ ಡೇಟಾಬೇಸನ್ನು ಒತ್ತಿ ಚಿಕ್ಕದು ಮಾಡುತ್ತದೆ, ಆಮೇಲೆ ಎಇಎಸ್ ಎಂಬ ವಿಧಾನದಲ್ಲಿ 256 ಬಿಟ್ಟಿನ ಕೀ ಹಾಕಿ ಗೂಢಲಿಪಿ ಮಾಡುತ್ತದೆ. ಒಳಗಿರುವುದು ಮಾಮೂಲಿ ಎಸ್‌ಕ್ಯೂಲೈಟ್ ಡೇಟಾಬೇಸೇ. ಬೀಗ ಬಿಟ್ಟ ಮೇಲೆ ಯಾರು ಬೇಕಾದರೂ ತೆರೆಯಬಹುದು. ಬಾಲದ 14 ಎಂಬುದು ಬೀಗ ಯಾವ ತಲೆಮಾರಿನದು ಎಂದಷ್ಟೇ ಹೇಳುತ್ತದೆ. ಅದನ್ನು ಅಳಿಸಿದರೆ ಬೀರುವಿನ ಮೇಲಿನ ಚೀಟಿ ಕಿತ್ತಂತಾಯಿತು, ಬಾಗಿಲು ಅಲ್ಲಾಡುವುದಿಲ್ಲ.

ಹಾಗಾದರೆ ಕೀ ಎಲ್ಲಿ? ಬ್ಯಾಕಪ್ ಕೂತಿದ್ದದ್ದು ಫೋನಿನ `Android/media/com.whatsapp/WhatsApp/Databases` ಒಳಗೆ. ಕೇಬಲ್ ಚುಚ್ಚಿದರೆ ಕಂಪ್ಯೂಟರಿಗೆ ಕಾಣುವ ಜಾಗ ಅದು. ಕೀ ಇರುವುದು ಇಲ್ಲಿ:

```
/data/data/com.whatsapp/files/key
```

ಇದು 158 ಬೈಟಿನ ಪುಟಾಣಿ ಫೈಲು. ವಾಟ್ಸಾಪನ್ನು ಬಿಟ್ಟರೆ ಬೇರೆ ಆ್ಯಪಿಗೂ ಆ ಜಾಗ ಕಾಣುವುದಿಲ್ಲ, ಫೋನಿನ ಮಾಲೀಕನಿಗೂ ಕಾಣುವುದಿಲ್ಲ, ಕೇಬಲ್ಲಿಗಂತೂ ಸಿಗುವುದೇ ಇಲ್ಲ. ಹಾಗಾಗಿ ಹುಡುಗ ಫೋಲ್ಡರ್ "ಪೂರ್ತಿ" ಕಾಪಿ ಮಾಡಿದ್ದರೂ ಬಂದದ್ದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ಫೋನು ಬದುಕಿದ್ದರೂ ಆ ಕೀ ಎತ್ತಲು ರೂಟ್ ಮಾಡಬೇಕು, ಅಂದರೆ ಫೋನಿನ ಒಳಜಾಗದ ಮೇಲೆ ಪೂರ್ತಿ ಅಧಿಕಾರ ಪಡೆಯಬೇಕು. ಅದಕ್ಕೆ ಮೊದಲು ಫೋನನ್ನು ಶುರು ಮಾಡಿಸುವ ಬೂಟ್‌ಲೋಡರಿನ ಬೀಗ ಬಿಡಿಸಬೇಕು, ಬಿಡಿಸಿದರೆ ಸಾಮಾನ್ಯವಾಗಿ ಫೋನಿನ ಡೇಟಾ ಎಲ್ಲ ಅಳಿಸಿಹೋಗುತ್ತದೆ. ಕೀಯೂ ಅದರ ಜೊತೆಗೇ ಹೋಗುತ್ತದೆ. ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡುವ ಎಡಿಬಿ ಎಂಬ ತಂತ್ರಾಂಶದಲ್ಲಿ ಬ್ಯಾಕಪ್ ತೆಗೆದು ಕೀ ಹೊರತೆಗೆಯುವ ಹಳೇ ಉಪಾಯ ಹಿಂದಿನ ಆಂಡ್ರಾಯ್ಡುಗಳಲ್ಲಿ ನಡೆಯುತ್ತಿತ್ತು, ಈಗಿನ ಫೋನಿನಲ್ಲಿ ಅದಕ್ಕೆ ಬಾಗಿಲು ಮುಚ್ಚಿದೆ.

ಕೀ ಇಲ್ಲದೆ ಊಹಿಸಿ ತೆರೆಯಲು ಆಗದೇ ಎಂದು ಹುಡುಗ ಕೇಳಿದ. 256 ಬಿಟ್ ಅಂದರೆ ಇರಬಹುದಾದ ಕೀಗಳ ಸಂಖ್ಯೆ 78 ಅಂಕಿಯದ್ದು. ಅದರಲ್ಲಿ ಒಂದೇ ಸರಿ. ಹತ್ತಿರದ ಕೀ ಹಾಕಿದರೆ ಅರ್ಧಂಬರ್ಧ ಓದಲಿಕ್ಕೆ ಬರುವುದೂ ಇಲ್ಲ. ಕೀ ತಾಳೆಯಾಗದಿದ್ದರೆ ಗೊತ್ತಾಗಲೆಂದೇ ಫೈಲಿನಲ್ಲಿ ಒಂದು ಮುದ್ರೆ ಸೇರಿಸಿರುತ್ತಾರೆ, ಒಂದು ಬಿಟ್ ತಪ್ಪಿದರೂ ಅದು ಹೊಂದುವುದಿಲ್ಲ. ದುಡ್ಡು ಕಟ್ಟಿದರೆ ಕೀ ಇಲ್ಲದೇ ತೆರೆದುಕೊಡುತ್ತೇವೆ ಎನ್ನುವ ತಂತ್ರಾಂಶವೊಂದನ್ನು ನಾನೂ ಒಮ್ಮೆ ಕೊಂಡು ಕೈಸುಟ್ಟುಕೊಂಡಿದ್ದೇನೆ. ಕೊನೆಗೆ ಅದೂ ಕೀ ಫೈಲ್ ಎಲ್ಲಿದೆ ಎಂದೇ ಕೇಳಿತು.

ಉಳಿದದ್ದು ಒಂದೇ ದಾರಿ, ಆ ಕೀಯನ್ನು ಮೊದಲು ಕೊಟ್ಟವರ ಹತ್ತಿರವೇ ಮತ್ತೆ ಕೇಳಿಸುವುದು. ಈ ತಲೆಮಾರಿನ ಬ್ಯಾಕಪ್ಪಿಗೆ ಕೀ ಬರುವುದು ವಾಟ್ಸಾಪಿನ ಸರ್ವರಿನಿಂದ, ನಂಬರ್ ನೋಂದಾಯಿಸಿದಾಗ. ಅದೇ ನಂಬರನ್ನು ಹೊಸ ಫೋನಿನಲ್ಲಿ ಓಟಿಪಿ ಹಾಕಿ ಸಾಬೀತು ಮಾಡಿದರೆ ಆ್ಯಪಿಗೆ ಅದೇ ಕೀ ಮತ್ತೆ ಸಿಗುತ್ತದೆ. ಫೋನಿನಲ್ಲಿ ತೆರೆಯುವ ಫೈಲು ಕಂಪ್ಯೂಟರಿನಲ್ಲಿ ತೆರೆಯದಿರುವ ಗುಟ್ಟು ಇಷ್ಟೇ. ಕಂಪ್ಯೂಟರಿಗೆ ಓಟಿಪಿ ಕೇಳಿ ಕೀ ತರಿಸಿಕೊಳ್ಳುವ ದಾರಿ ಇಲ್ಲ.

"ಅದನ್ನೂ ಮಾಡಿ ನೋಡಿದೆ ಅಣ್ಣ" ಅಂದ ಹುಡುಗ. ಅಪ್ಪನ ಸಿಮ್ ಹೊಸ ಫೋನಿಗೆ ಹಾಕಿ, ಫೋಲ್ಡರ್ ಅದೇ ಜಾಗಕ್ಕೆ ಕಾಪಿ ಮಾಡಿ, ವಾಟ್ಸಾಪ್ ಶುರು ಮಾಡಿದ್ದ. ಹಳೆಯದೇನೂ ಬಂದಿರಲಿಲ್ಲ. ಅಲ್ಲಿಗೆ ನನಗೂ ಸ್ವಲ್ಪ ಹೊತ್ತು ಕೈಕಟ್ಟಿದಂತಾಯಿತು. ಫೈಲೇ ಕೆಟ್ಟಿರಬಹುದೆಂದು ಅದರ ತಲೆಭಾಗ ನೋಡೋಣ ಅನ್ನಿಸಿತು. ಗೂಢಲಿಪಿ ಶುರುವಾಗುವ ಮೊದಲು ಒಂದಿಷ್ಟು ಬೈಟು ತೆರೆದೇ ಇರುತ್ತದೆ. ಯಾವ ಕೀ ಬೇಕು ಎಂದು ಆ್ಯಪಿಗೆ ಗೊತ್ತಾಗಬೇಕಲ್ಲ.

```
head -c 160 msgstore.db.crypt14 | xxd
```

ಬಲಗಡೆಯ ಸಾಲಿನಲ್ಲಿ ಕಸದ ನಡುವೆ ವಾಟ್ಸಾಪಿನ ಆವೃತ್ತಿ ಸಂಖ್ಯೆ ಸ್ಪಷ್ಟವಾಗಿ ಕಂಡಿತು. ಅದರ ಹತ್ತಿರವೇ ಎರಡು ಅಂಕಿ, 47. ಅದು ನೋಂದಾಯಿಸಿದ ನಂಬರಿನ ಕೊನೆಯ ಎರಡು ಅಂಕಿ.

"ಗೌಡ್ರೆ, ನಿಮ್ಮ ನಂಬರ್ ಕೊನೆಗೆ ಏನು?"

"ಹನ್ನೆರಡು."

"47ರಲ್ಲಿ ಮುಗಿಯೋ ನಂಬರ್ ಮನೇಲಿ ಯಾರದ್ದಾದ್ರೂ ಇದೆಯಾ?"

ಅಪ್ಪ ಮಗ ಮುಖ ಮುಖ ನೋಡಿಕೊಂಡರು. ಗೌಡರ ಹಳೇ ನಂಬರ್ ಅದು. ಎರಡನೇ ಸಿಮ್ಮಾಗಿತ್ತು, ವರ್ಷದ ಹಿಂದೆ ಅದನ್ನು ತೆಗೆದು ಹೆಂಡತಿಯ ಕೀಪ್ಯಾಡ್ ಫೋನಿಗೆ ಹಾಕಿದ್ದರು. ಸಿಮ್ ಹೋದರೂ ವಾಟ್ಸಾಪ್ ಮಾತ್ರ ಅದೇ ನಂಬರಿನಲ್ಲಿ ಮುಂದುವರಿದಿತ್ತು. ಜನ ಫೋನ್ ಮಾಡುತ್ತಿದ್ದದ್ದು 12ಕ್ಕೆ, ಸಂದೇಶ ಹೋಗುತ್ತಿದ್ದದ್ದು 47ಕ್ಕೆ. ಇದನ್ನು ಯಾರೂ ಗಮನಿಸಿರಲಿಲ್ಲ. ಹುಡುಗ ಮಾಡಿದ ಕ್ರಮವೆಲ್ಲ ಸರಿಯೇ ಇತ್ತು, ಸರ್ವರ್ ಕೊಟ್ಟ ಕೀ ಮಾತ್ರ ಬೇರೆ ನಂಬರಿನದಾಗಿತ್ತು.

ಮರುದಿನ ಗೌಡತಿಯ ಫೋನೂ ಬಂತು. ಹೊಸ ಮೊಬೈಲಿನಿಂದ ವಾಟ್ಸಾಪ್ ಅಳಿಸಿದೆವು. ಅಳಿಸಿದಾಗ ಅದರ ಮೀಡಿಯಾ ಫೋಲ್ಡರೂ ಹೋಗಬಹುದು, ಹಾಗಾಗಿ ಲ್ಯಾಪ್‌ಟಾಪಿನ ಪ್ರತಿಯನ್ನು ಪೆನ್‌ಡ್ರೈವಿಗೂ ಹಾಕಿಕೊಂಡೆ. ಮತ್ತೆ ಇನ್‌ಸ್ಟಾಲ್ ಮಾಡಿ, ಆ್ಯಪ್ ತೆರೆಯುವ ಮೊದಲೇ `Databases` ಫೋಲ್ಡರ್ ಮಾಡಿ, ಅದರಲ್ಲಿ ತಾರೀಖಿಲ್ಲದ `msgstore.db.crypt14` ಒಂದನ್ನೇ ಇಟ್ಟೆ. ತಾರೀಖಿರುವ ಹಳೇ ಪ್ರತಿ ಬೇಕಿದ್ದರೆ ತಾರೀಖನ್ನೂ ಅದರ ಜೊತೆಗಿನ `-`, `.1` ಗುರುತನ್ನೂ ಅಳಿಸಿ ಹೆಸರು ಹೀಗೇ ಮಾಡಬೇಕು, ಬಾಲ ಮುಟ್ಟಬಾರದು. ನಂಬರ್ ಹಾಕಿದಾಗ ಕೀಪ್ಯಾಡ್ ಫೋನಿಗೆ ಓಟಿಪಿ ಬಂತು. ಬ್ಯಾಕಪ್ ಸಿಕ್ಕಿದೆ, ರೀಸ್ಟೋರ್ ಮಾಡಲೇ ಎಂದು ಆ್ಯಪ್ ಕೇಳಿತು. ಇಲ್ಲಿ ಅವಸರಕ್ಕೆ ಸ್ಕಿಪ್ ಒತ್ತಿದರೆ ಖಾಲಿ ಖಾತೆ ಶುರುವಾಗುತ್ತದೆ, ಆ ರಾತ್ರಿ 2 ಗಂಟೆಗೆ ಅದರದ್ದೇ ಹೊಸ ಬ್ಯಾಕಪ್ ಹಳೆಯದರ ಹೆಸರಿನಲ್ಲಿ ಕೂರುತ್ತದೆ. ಬೇರೆ ಕಡೆ ಪ್ರತಿ ಇಲ್ಲದವರು ಕಳೆದುಕೊಳ್ಳುವುದು ಹೀಗೇ.

ಕೆಲವು ನಿಮಿಷದಲ್ಲಿ ಮೇಸ್ತ್ರಿಯ ಲೆಕ್ಕವೆಲ್ಲ ಮೇ ತಿಂಗಳವರೆಗೂ ಬಂತು. ಎಕ್ಸ್‌ಪೋರ್ಟ್ ಚಾಟ್ ಒತ್ತಿ ಬರೀ ಪಠ್ಯವನ್ನು ನನ್ನ ಮೇಲಿಗೆ ಕಳಿಸಿ ಪ್ರಿಂಟ್ ತೆಗೆದುಕೊಟ್ಟೆ. ಮೇಸ್ತ್ರಿ ಕಳಿಸಿದ್ದ ಚೀಟಿಗಳ ಫೋಟೋಗೆ ಇಷ್ಟೆಲ್ಲ ಬೇಕಿರಲಿಲ್ಲ. `Media` ಫೋಲ್ಡರಿಗೆ ಈ ಬೀಗ ಇಲ್ಲ, ಹುಡುಗನ ಲ್ಯಾಪ್‌ಟಾಪಿನಲ್ಲಿ ಅವು ಮೊದಲಿಂದಲೂ ತೆರೆಯುತ್ತಿದ್ದವು. ಅವನು ಅಲ್ಲಿ ನೋಡಿರಲೇ ಇಲ್ಲ.

ಅವರನ್ನು ಕಳಿಸಿದ ಮೇಲೂ ನನಗೆ ಸಮಾಧಾನವಿಲ್ಲ. ಕೀ ನಮ್ಮ ಕೈಯಲ್ಲೇ ಇದ್ದರೆ ಕಂಪ್ಯೂಟರಿನಲ್ಲಿ ನಿಜಕ್ಕೂ ತೆರೆಯುತ್ತದೆಯೇ ಎಂದು ರಾತ್ರಿ ನನ್ನ ಫೋನಿನಲ್ಲೇ ನೋಡಿದೆ. ಮೊದಲು ನನ್ನ `crypt14` ಒಂದನ್ನು ಕಾಪಿ ಮಾಡಿಕೊಂಡೆ. ಆಮೇಲೆ ಚಾಟ್ ಬ್ಯಾಕಪ್ಪಿನಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಚಾಲೂ ಮಾಡಿದೆ. 2021ರಲ್ಲಿ ಬಂದ ಸೌಲಭ್ಯ ಅದು. ಪಾಸ್‌ವರ್ಡ್ ಬೇಕೋ, 64 ಅಕ್ಷರದ ಕೀ ಬೇಕೋ ಎಂದು ಕೇಳಿತು. ಪಾಸ್‌ವರ್ಡ್ ಆರಿಸಿದರೆ ಕೀ ವಾಟ್ಸಾಪಿನವರ ತಿಜೋರಿಯಲ್ಲೇ ಉಳಿಯುತ್ತದೆ, ಪಾಸ್‌ವರ್ಡಿನಿಂದ ನೇರವಾಗಿ ಫೈಲ್ ತೆರೆಯಲು ಬರುವುದಿಲ್ಲ. ನಾನು 64 ಅಕ್ಷರದ್ದನ್ನು ಆರಿಸಿ, ನಾಲ್ಕು ನಾಲ್ಕಾಗಿ ತೋರಿಸಿದ್ದನ್ನು ಡೈರಿಯಲ್ಲಿ ಬರೆದುಕೊಂಡು ಬ್ಯಾಕಪ್ ಒತ್ತಿದೆ. ಈಗ ಬಂದ ಫೈಲಿನ ಬಾಲ `crypt15`. ಅದನ್ನು ಕಂಪ್ಯೂಟರಿಗೆ ತಂದು ಹೀಗೆ ಮಾಡಿದೆ. ಕೀ ಜಾಗದಲ್ಲಿ ನಡುವೆ ಖಾಲಿ ಬಿಡದೆ 64 ಅಕ್ಷರ ಬರೆಯಬೇಕು:

```
pip install wa-crypt-tools
wadecrypt ಕೀ msgstore.db.crypt15 msgstore.db
```

ಮೊದಲ ಸಲ ಆಗಲಿಲ್ಲ. ಡೈರಿಯಲ್ಲಿ ನನ್ನ 6 ಮತ್ತು b ಒಂದೇ ಥರ ಇದ್ದವು. ತಿದ್ದಿ ಒತ್ತಿದೆ, `msgstore.db` ಬಂತು. ನೋಟ್‌ಪ್ಯಾಡಿಗೆ ಹಾಕಿದರೆ ಮೊದಲ ಸಾಲಲ್ಲೇ `SQLite format 3` ಎಂದಿತ್ತು. ಸರಿಯಾಗಿ ತೆರೆದಿದೆ ಎನ್ನಲು ಇದೇ ಗುರುತು. ಡಿಬಿ ಬ್ರೌಸರಿನಲ್ಲಿ `message` ಎಂಬ ಕೋಷ್ಟಕ ತೆರೆದರೆ `text_data` ಅಂಕಣದಲ್ಲಿ ನಾನು ಮಧ್ಯಾಹ್ನ ಕಳಿಸಿದ್ದ ಸಂದೇಶವೇ ಕೂತಿತ್ತು.

ಅದೇ ಕೀಯನ್ನು ಅರ್ಧ ಗಂಟೆ ಹಿಂದೆ ಅದೇ ಫೋನಿನಿಂದ ತೆಗೆದಿದ್ದ `crypt14` ಮೇಲೂ ಪ್ರಯೋಗಿಸಿದೆ. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಅದೇ ಸಂದೇಶಗಳು. ತೆರೆಯಲಿಲ್ಲ. ಅದರ ಕೀ ಇನ್ನೂ `/data/data` ಒಳಗಿನದೇ.

ಈಗ ಯಾರಾದರೂ ಇಂಥ ಫೈಲ್ ಹಿಡಿದುಕೊಂಡು ಬಂದರೆ ನಾನು ಮೊದಲು ಕೇಳುವುದು ಎರಡೇ: ಬಾಲದಲ್ಲಿ 14 ಇದೆಯೋ 15 ಇದೆಯೋ, ಮತ್ತು ವಾಟ್ಸಾಪ್ ಇದ್ದ ನಂಬರಿನ ಸಿಮ್ ಚಾಲೂ ಇದೆಯೋ ಇಲ್ಲವೋ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರು ಎದುರಿಗೆ ಕೂರದಿದ್ದರೆ ಕೆಲಸ ಹಿಡಿಯುವುದಿಲ್ಲ. ಗೌಡತಿಯ ಕೀಪ್ಯಾಡ್ ಫೋನಿಗೆ ಆ ತಿಂಗಳು ರೀಚಾರ್ಜ್ ಮಾಡಿಸಿದ್ದು ನಾನೇ, ಆ ದುಡ್ಡು ಬಿಲ್ಲಿನಲ್ಲಿ ಸೇರಿಸಲು ಮರೆತೆ.