ಕಂದು ಬಾರದ ಸ್ಲೈಡ್

ಶಸ್ತ್ರಕ್ರಿಯೆಯಲ್ಲಿ ತೆಗೆದ ಸ್ತನದ ಗೆಡ್ಡೆಯ ಸ್ಲೈಡ್ ಅದು. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಬರೀ ನೀಲಿ. ಈ ಪರೀಕ್ಷೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್, ಅಂದರೆ ಈಸ್ಟ್ರೋಜೆನ್ ರಿಸೆಪ್ಟರ್, ಇರುವ ಜೀವಕೋಶಗಳ ಕೋಶಕೇಂದ್ರ ಕಂದಾಗಬೇಕು, ಇಲ್ಲದಿದ್ದರೆ ಹಿಮಟಾಕ್ಸಿಲಿನ್‌ನ ನೀಲಿಯೇ ಉಳಿಯುತ್ತದೆ. ನಾನು ‘ನೆಗೆಟಿವ್’ ಎಂದು ಬರೆದರೆ ಆ 58 ವರ್ಷದ ಮಹಿಳೆಗೆ ಹಾರ್ಮೋನ್ ತಡೆಯುವ ಮಾತ್ರೆ ಕೊಡುವುದೇ ಇಲ್ಲ.

ಆದರೆ ಅದೇ ಗೆಡ್ಡೆಯ ಮಾಮೂಲಿ ಸ್ಲೈಡಿನಲ್ಲಿ ಕಂಡದ್ದು ಅಚ್ಚುಕಟ್ಟಾದ ಕೊಳವೆಗಳ ಗ್ರೇಡ್ 1 ಗೆಡ್ಡೆ. ಇಂಥವು ಬಹುತೇಕ ಪಾಸಿಟಿವ್ ಆಗಿರುತ್ತವೆ. ಅನುಮಾನದಿಂದ ಪಕ್ಕದ ಸಹಜ ಹಾಲಿನ ನಾಳಗಳನ್ನು ನೋಡಿದೆ. ಅವುಗಳಲ್ಲಿ ಅಲ್ಲಲ್ಲಿ ಕಂದು ಕೋಶಕೇಂದ್ರಗಳು ಕಾಣಲೇಬೇಕು, ಅಲ್ಲೂ ಒಂದೂ ಇರಲಿಲ್ಲ. ಪಾಸಿಟಿವ್ ಎಂದು ಮೊದಲೇ ಗೊತ್ತಿದ್ದು ಜೊತೆಗೆ ಓಡಿಸಿದ ಕಂಟ್ರೋಲ್ ಸ್ಲೈಡ್ ಮಾತ್ರ ಚೆನ್ನಾಗಿ ಕಂದಾಗಿತ್ತು. ಹಾಗಾದರೆ ದೋಷ ಬಣ್ಣದಲ್ಲಿಲ್ಲ, ಅಂಗಾಂಶದಲ್ಲಿದೆ. ವಿಚಾರಿಸಿದಾಗ ತಿಳಿಯಿತು: ಶನಿವಾರ ಸಂಜೆ ಬಂದ ಸ್ತನವನ್ನು ಕೊಯ್ಯದೆ ಇಡಿಯಾಗಿ ಫಾರ್ಮಲಿನ್‌ಗೆ ಹಾಕಿ ಸೋಮವಾರದವರೆಗೆ ಬಿಟ್ಟಿದ್ದರು. ಅಂಗಾಂಶವನ್ನು ಕೆಡದಂತೆ ಕಾಯುವ ಫಾರ್ಮಲಿನ್ ಅದರೊಳಗೆ ಗಂಟೆಗೆ ಸುಮಾರು ಒಂದು ಮಿಲಿಮೀಟರಿನಷ್ಟೇ ಇಳಿಯುತ್ತದೆ. ಅದು ನಡುವಿನ ಗೆಡ್ಡೆಯನ್ನು ತಲುಪುವ ಮೊದಲೇ ರಿಸೆಪ್ಟರ್ ಹಾಳಾಗಿತ್ತು.

ಶಸ್ತ್ರಕ್ರಿಯೆಗೆ ಮೊದಲು ಸೂಜಿಯಿಂದ ತೆಗೆದ ಬಯಾಪ್ಸಿಯ ತುಂಡುಗಳನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಇತ್ತು. ಎಳೆಯಷ್ಟು ತೆಳುವಾದ ಆ ತುಂಡುಗಳು ತೆಗೆದ ಕೂಡಲೇ ಫಾರ್ಮಲಿನ್ ಸೇರಿದ್ದವು. ಅದನ್ನೇ ಬಣ್ಣಕ್ಕೆ ಹಾಕಿಸಿದೆ. ಈ ಸಲ ನಾಳಗಳೂ ಕಂದು, ಗೆಡ್ಡೆಯೂ ಕಂದು.

ಎಣಿಕೆಗೆ ಮೊದಲು 4x ಮಸೂರದಲ್ಲಿ ಇಡೀ ತುಂಡನ್ನು ಸುತ್ತಿ ಬಂದೆ. ಗಾಢ, ಮಧ್ಯಮ, ತೆಳು ಎಂದು ಮೂರು ಭಾಗ ಕಂಡಿತು, ಹೆಚ್ಚುಕಡಿಮೆ ಸಮವಾಗಿ. ಗಾಢ ಭಾಗವನ್ನಷ್ಟೇ ಎಣಿಸುವ ಆಸೆ ಯಾರಿಗೂ ಬರುತ್ತದೆ, ಅದು ತಪ್ಪು. ಮೂರರಲ್ಲೂ 40x ನಲ್ಲಿ ಗೆಡ್ಡೆಯ ನೂರು ನೂರು ಕೋಶಕೇಂದ್ರಗಳನ್ನು ಎಣಿಸಿದೆ: 92, 81, 64. ಒಟ್ಟು 300ರಲ್ಲಿ 237, ಅಂದರೆ ಶೇಕಡಾ 79. ಸಹಜ ನಾಳಗಳನ್ನೂ ಲಿಂಫೋಸೈಟ್‌ಗಳನ್ನೂ ಲೆಕ್ಕದಿಂದ ಹೊರಗಿಟ್ಟೆ. ಕೋಶಕೇಂದ್ರ ನೀಲಿಯಾಗಿಯೇ ಇದ್ದು ಸುತ್ತಲಿನ ಸೈಟೋಪ್ಲಾಸಂ ಮಾತ್ರ ಕಂದಾದ ಜೀವಕೋಶ ಪಾಸಿಟಿವ್ ಅಲ್ಲ.

ಕಷ್ಟ ಕೊಟ್ಟದ್ದು ತೆಳು ಕಂದು. ಎಷ್ಟೇ ಮಸುಕಾಗಿದ್ದರೂ ಕೋಶಕೇಂದ್ರದಲ್ಲಿ ನಿಜವಾದ ಕಂದು ಇದ್ದರೆ ಅದು ಪಾಸಿಟಿವ್. ಸಂಶಯ ಬಂದಾಗಲೆಲ್ಲ ಪಕ್ಕದ ಲಿಂಫೋಸೈಟ್ ನೋಡುತ್ತೇನೆ. ಅದರ ಅಪ್ಪಟ ನೀಲಿಯ ಎದುರು ಕಂದಿನ ಛಾಯೆ ತಾನಾಗಿ ಬೇರೆಯಾಗುತ್ತದೆ. ಎಂಬತ್ತರ ಆಸುಪಾಸಿನಲ್ಲಿ ಕಣ್ಣಂದಾಜೂ ಸಾಕಾಗುತ್ತಿತ್ತು. ಆದರೆ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್, 1ರಿಂದ 10 ಇದ್ದರೆ 2020ರ ಮಾರ್ಗಸೂಚಿಯಂತೆ ‘ಲೋ ಪಾಸಿಟಿವ್’. ಆ ಗಡಿಗಳ ಬಳಿ ನಾನು ಅಂದಾಜನ್ನು ನಂಬುವುದಿಲ್ಲ, ಎಣಿಸಿಯೇ ಬರೆಯುತ್ತೇನೆ.

ವರದಿಯಲ್ಲಿ ಬಯಾಪ್ಸಿಯ ಫಲಿತಾಂಶವನ್ನು ‘ಪಾಸಿಟಿವ್, ಸುಮಾರು ಶೇಕಡಾ 80’ ಎಂದು ಬರೆದೆ. ಶಸ್ತ್ರಕ್ರಿಯೆಯ ಬ್ಲಾಕಿನ ಬಗ್ಗೆ ‘ಸಹಜ ನಾಳಗಳೂ ಬಣ್ಣ ಪಡೆದಿಲ್ಲ, ನಿರ್ಣಯ ಸಾಧ್ಯವಿಲ್ಲ’ ಎಂದು ಬರೆದೆ. ಈಗ ನಮ್ಮಲ್ಲಿ ಶನಿವಾರ ಸಂಜೆ ಬಂದ ಸ್ತನವನ್ನೂ ಒಂದು ಗಂಟೆಯೊಳಗೆ ಹೋಳು ಮಾಡಿ ಫಾರ್ಮಲಿನ್‌ಗೆ ಇಳಿಸಿ, ಡಬ್ಬಿಯ ಮೇಲೆ ಸಮಯ ಬರೆಯುತ್ತಾರೆ.